ಐದು ಚೀಲದ ಪಣ: ‘ಅನ್ನು’ ಪ್ರತ್ಯಯ ಮತ್ತು ಅರವತ್ತು ಮಕ್ಕಳ ತರಗತಿ

ಕೊಪ್ಪಳ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಕನ್ನಡ ಕಲಿಸುವ ನನ್ನ ಮುಂದೆ ಸಾಮಾನ್ಯವಾಗಿ ಅರವತ್ತು ಮಕ್ಕಳು ಕುಳಿತಿರುತ್ತಾರೆ. ಅವರಲ್ಲಿ ಪಾಠವನ್ನು ಒಮ್ಮೆ ಓದಿಯೇ ಸಾರಾಂಶ ಬರೆಯಬಲ್ಲವರಿದ್ದಾರೆ, ಒತ್ತಕ್ಷರ ಬಂದೊಡನೆ ನಿಂತುಬಿಡುವವರೂ ಇದ್ದಾರೆ. ನಡುವೆ ಇರುವ ದೊಡ್ಡ ಗುಂಪು ಓದುತ್ತದೆ, ಬರೆಯುತ್ತದೆ, ಆದರೆ ಬರೆದದ್ದರಲ್ಲಿ ವಿಭಕ್ತಿ ಪ್ರತ್ಯಯಗಳು ಎಲ್ಲೆಂದರಲ್ಲಿ ಜಾರುತ್ತವೆ. ಕೊಠಡಿಯಲ್ಲಿ ಕರಿಹಲಗೆ ಇದೆ, ಸೀಮೆಸುಣ್ಣ ಇದೆ, ಕಳೆದ ವರ್ಷದ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳಿವೆ. ಇಷ್ಟರಲ್ಲಿ ಆಡಬಹುದಾದ ವ್ಯಾಕರಣದ ಆಟಗಳು ಹಲವು ಇದ್ದರೂ, ಅವುಗಳಲ್ಲಿ ಹೆಚ್ಚಿನವು ದೊಡ್ಡ ತರಗತಿಯಲ್ಲಿ ಒಂದೇ ಕಾರಣಕ್ಕೆ ಸೋಲುತ್ತವೆ: ಆಡುವವರು ಎಂಟೋ ಹತ್ತೋ ಮಕ್ಕಳು, ಉಳಿದವರೆಲ್ಲ ಪ್ರೇಕ್ಷಕರು. ಹಲಗೆಯ ಬಳಿ ಓಡಿಬಂದು ಪದ ಬರೆಯುವ ಆಟದಲ್ಲಿ ಓಡುವವರು ಯಾವಾಗಲೂ ಅವರೇ. ವಾಕ್ಯಗಳನ್ನು ಸವಾಲಿಗೆ ಹಾಕುವ ಆಟ ಇಂಗ್ಲಿಷ್ ಕಲಿಸುವವರಲ್ಲಿ ಬಹಳ ಪ್ರಸಿದ್ಧವಾದದ್ದು. ಹಲಗೆಯ ಮೇಲೆ ಸರಿ ಮತ್ತು ತಪ್ಪು ವಾಕ್ಯಗಳನ್ನು ಬೆರೆಸಿ ಬರೆದು, ಗುಂಪುಗಳು ಕೂಗಿ ಬೆಲೆ ಏರಿಸಿ, ಸರಿಯಾದವನ್ನು ಕೊಳ್ಳಬೇಕು. ಜಾತ್ರೆಯಲ್ಲಿ ದೇವರ ತೆಂಗಿನಕಾಯಿಯ ಸವಾಲು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಆದರೆ ಹನ್ನೆರಡು ಗುಂಪುಗಳು ಒಟ್ಟಿಗೆ ಕೂಗಿದಾಗ ಪಕ್ಕದ ಕೊಠಡಿಯಲ್ಲಿ ಪಾಠ ನಿಲ್ಲುತ್ತದೆ, ಮತ್ತು ಒಂದು ವಾಕ್ಯ ಒಂದೇ ಗುಂಪಿನ ಪಾಲಾಗುವುದರಿಂದ ಉಳಿದ ಹನ್ನೊಂದು ಗುಂಪುಗಳು ಅದರ ಬಗ್ಗೆ ಏನು ಯೋಚಿಸಿದ್ದವು ಎಂಬುದು ನನಗೆ ತಿಳಿಯುವುದೇ ಇಲ್ಲ.

ಆದ್ದರಿಂದ ನಾನು ಕೂಗುವ ಸವಾಲನ್ನು ಬಿಟ್ಟು ಚೀಟಿಯ ಪಣಕ್ಕೆ ಬಂದೆ. ಪ್ರತಿ ವಾಕ್ಯಕ್ಕೂ ಪ್ರತಿ ಗುಂಪೂ ತನ್ನ ತೀರ್ಮಾನವನ್ನು ಮತ್ತು ಆ ತೀರ್ಮಾನದ ಮೇಲೆ ಎಷ್ಟು ಪಣ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡುತ್ತದೆ. ಬರಬರುತ್ತ ನನಗೆ ಮನವರಿಕೆಯಾದ ಸಂಗತಿಯೆಂದರೆ, ಚೀಟಿಯ ಮೇಲಿನ ಉತ್ತರಕ್ಕಿಂತ ಅದರ ಪಕ್ಕದ ಅಂಕಿ ನನಗೆ ಹೆಚ್ಚು ಹೇಳುತ್ತದೆ. ತಪ್ಪು ಉತ್ತರಕ್ಕೆ ಸಣ್ಣ ಪಣ ಕಟ್ಟಿದ ಗುಂಪಿಗೆ ವಿಷಯ ಗೊತ್ತಿಲ್ಲ, ಮತ್ತು ಗೊತ್ತಿಲ್ಲವೆಂಬುದು ಅದಕ್ಕೆ ಗೊತ್ತಿದೆ. ತಪ್ಪು ಉತ್ತರಕ್ಕೆ ದೊಡ್ಡ ಪಣ ಕಟ್ಟಿದ ಗುಂಪಿನ ತಲೆಯಲ್ಲಿ ಒಂದು ನಿಯಮವೇ ಇದೆ, ಅದು ಬೇರೆ ನಿಯಮ ಅಷ್ಟೆ. ಇವೆರಡಕ್ಕೂ ಮರುದಿನ ಮಾಡಬೇಕಾದ ಪಾಠ ಬೇರೆ ಬೇರೆ.

ಈ ಆಟವನ್ನು ನಾನು ಬಹಳ ಸಲ ಬಳಸುವುದು ದ್ವಿತೀಯಾ ವಿಭಕ್ತಿಗೆ, ಅಂದರೆ ‘ಅನ್ನು’ ಪ್ರತ್ಯಯಕ್ಕೆ. ಚತುರ್ಥಿಯಲ್ಲಿ ನಮ್ಮ ಭಾಗದ ಮಕ್ಕಳಿಗೆ ಅಷ್ಟು ತೊಂದರೆಯಿಲ್ಲ. ಮನೆಯಲ್ಲಿ ಅವರು ‘ಹೊಲಕ್ಕ ಹೊಂಟೀನಿ’, ‘ಮನಿಗಿ ಹೊಂಟೀನಿ’ ಎನ್ನುತ್ತಾರೆ, ಎಂದರೆ ಎಲ್ಲಿ ‘ಕ್ಕೆ’ ಎಲ್ಲಿ ‘ಗೆ’ ಎಂಬುದು ಅವರ ಕಿವಿಯಲ್ಲಿ ಆಗಲೇ ಇದೆ, ಬರೆಯುವಾಗ ಕೊನೆಯ ಸ್ವರವನ್ನು ಬದಲಿಸಿದರೆ ಸಾಕು. ‘ಅನ್ನು’ ಹಾಗಲ್ಲ. ವಸ್ತುಗಳ ವಿಷಯದಲ್ಲಿ ಮಾತಿನಲ್ಲಿ ಅದು ಬಹುತೇಕ ಕೇಳಿಸುವುದೇ ಇಲ್ಲ. ‘ಮನಿ ಕಟ್ಯಾರ’, ‘ಎತ್ತು ಮಾರ್ಯಾನ’, ‘ಪುಸ್ತಕ ತಗೊಂಡು ಬಾ’ ಎನ್ನುವ ಮಗುವಿಗೆ ‘ಮನೆಯನ್ನು’, ‘ಎತ್ತನ್ನು’, ‘ಪುಸ್ತಕವನ್ನು’ ಎಂಬವು ಬರಹದಲ್ಲಿ ಮಾತ್ರ ಎದುರಾಗುವ ರೂಪಗಳು. ನಡುವೆ ‘ಯ’ ಬರಬೇಕೋ, ‘ವ’ ಬರಬೇಕೋ, ಏನೂ ಬರಬಾರದೋ ಎಂದು ಕಿವಿಯನ್ನು ಕೇಳಿದರೆ ಕಿವಿ ಉತ್ತರ ಕೊಡುವುದಿಲ್ಲ. ಹೀಗಾಗಿಯೇ ಪ್ರಬಂಧಗಳಲ್ಲಿ ‘ಪುಸ್ತಕನ್ನು’, ‘ಮನೆನ್ನು’, ‘ಎತ್ತುವನ್ನು’ ಎಂಬಂಥ ರೂಪಗಳು ಕಾಣಿಸುತ್ತವೆ. ಇವನ್ನು ಬರೆದವರು ಮಾತು ಬಾರದ ಮಕ್ಕಳಲ್ಲ, ತಮ್ಮ ಮಾತಿನಲ್ಲಿ ಇಲ್ಲದ ಕಡೆ ಊಹೆಯಿಂದ ಕೂಡಿಸಿದವರು.

ಮೊದಲು ಸಿದ್ಧತೆಯನ್ನು ಹೇಳುತ್ತೇನೆ. ಅರವತ್ತು ಮಕ್ಕಳನ್ನು ಐವರಂತೆ ಹನ್ನೆರಡು ಗುಂಪು ಮಾಡುತ್ತೇನೆ. ಬೆಂಚುಗಳನ್ನು ಅಲುಗಾಡಿಸುವುದಿಲ್ಲ, ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿ ಕುಳಿತರೆ ಗುಂಪು ಆಗಿಬಿಡುತ್ತದೆ. ಓದಲು ಕಷ್ಟಪಡುವವರು ಎಲ್ಲರೂ ಒಂದೇ ಕಡೆ ಸೇರದಂತೆ ಹಿಂದಿನ ದಿನವೇ ಕೆಲವರ ಜಾಗ ಬದಲಿಸಿರುತ್ತೇನೆ. ಗುಂಪಿನೊಳಗೆ ಪ್ರತಿಯೊಬ್ಬರಿಗೂ 1ರಿಂದ 5ರವರೆಗೆ ಒಂದೊಂದು ಸಂಖ್ಯೆ ಇರುತ್ತದೆ. ಒಂದು ನೋಟ್‌ಬುಕ್ ಹಾಳೆಯನ್ನು ಮೂರು ಸಲ ಮಡಚಿ ಹರಿದರೆ ಎಂಟು ಚೀಟಿ, ಎಂದರೆ ಎಂಟು ವಾಕ್ಯಗಳಿಗೆ ಗುಂಪಿಗೆ ಒಂದೇ ಹಾಳೆ. ಸೀಮೆಸುಣ್ಣದ ಖಾಲಿ ಡಬ್ಬಿಯೊಂದರಲ್ಲಿ 1ರಿಂದ 5ರವರೆಗಿನ ಐದು ಚೀಟಿಗಳನ್ನು ಮಡಚಿ ಹಾಕಿಟ್ಟುಕೊಳ್ಳುತ್ತೇನೆ. ಹಲಗೆಯ ಎಡಭಾಗ ವಾಕ್ಯಕ್ಕೆ, ಬಲಭಾಗ ಹನ್ನೆರಡು ಗುಂಪುಗಳ ಲೆಕ್ಕಕ್ಕೆ. ನಡುವೆ ನಾಲ್ಕು ಖಾಲಿ ಕಂಬಸಾಲುಗಳನ್ನು ಎಳೆದಿರುತ್ತೇನೆ, ಅವಕ್ಕೆ ಮೊದಲು ಹೆಸರಿರುವುದಿಲ್ಲ.

ಪಣದಲ್ಲಿ ಹಣ ಬೇಡವೆಂಬುದು ನನ್ನ ನಿಲುವು. ರೂಪಾಯಿ ಎಂದೊಡನೆ ಅದು ಜೂಜಿನಂತೆ ಕೇಳಿಸುತ್ತದೆ, ಮನೆಗೆ ಹೋಗಿ ಮಗು ‘ಸಾಲ್ಯಾಗ ಐವತ್ತು ರೂಪಾಯಿ ಸೋತೆ’ ಎಂದರೆ ಮರುದಿನ ಪಾಲಕರು ಬಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದ್ದರಿಂದ ನಮ್ಮ ನಾಣ್ಯ ಭತ್ತದ ಚೀಲ. ಪ್ರತಿ ಗುಂಪಿಗೂ ಆರಂಭದಲ್ಲಿ 20 ಚೀಲ. ಒಂದು ವಾಕ್ಯದ ಮೇಲೆ 1, 2 ಅಥವಾ 5 ಚೀಲ ಕಟ್ಟಬಹುದು, ಬೇರೆ ಅಂಕಿ ಇಲ್ಲ. ಮೂರೇ ಆಯ್ಕೆಗಳಿದ್ದರೆ ಲೆಕ್ಕ ಸುಲಭ, ಚರ್ಚೆಯೂ ಚುರುಕಾಗುತ್ತದೆ: 1 ಎಂದರೆ ಊಹೆ, 2 ಎಂದರೆ ಇರಬಹುದು, 5 ಎಂದರೆ ಖಂಡಿತ. ತೀರ್ಮಾನ ಸರಿಯಿದ್ದರೆ ಕಟ್ಟಿದಷ್ಟು ಚೀಲ ಬರುತ್ತದೆ, ತಪ್ಪಿದರೆ ಅಷ್ಟೇ ಹೋಗುತ್ತದೆ. ಒಂದು ಉಪನಿಯಮವಿದೆ, ಆಟ ನಿಂತಿರುವುದೇ ಅದರ ಮೇಲೆ. ವಾಕ್ಯ ತಪ್ಪು ಎಂದು ಬರೆದ ಗುಂಪು ತಿದ್ದಿದ ಪದವನ್ನೂ ಬರೆದಿದ್ದರೆ ಮಾತ್ರ ಪೂರ್ತಿ ಪಣ ಸಿಗುತ್ತದೆ. ಬರೀ ‘ತಪ್ಪು’ ಎಂದು ಬರೆದು ಸುಮ್ಮನಾಗಿದ್ದರೆ ಎಷ್ಟು ಕಟ್ಟಿದ್ದರೂ ಸಿಗುವುದು ಒಂದೇ ಚೀಲ. ಈ ನಿಯಮವಿಲ್ಲದಿದ್ದಾಗ ಮಕ್ಕಳು ನನ್ನ ಮುಖ ನೋಡಿ ‘ತಪ್ಪು’ ಎಂದು ಹೇಳುವುದನ್ನು ಬೇಗ ಕಲಿತುಬಿಡುತ್ತಾರೆ. ಈ ನಿಯಮದಿಂದಾಗಿ ‘ಸರಿ’ ಎಂದು ಊಹಿಸುವುದು ಕೊಂಚ ಲಾಭದಾಯಕವಾಗುತ್ತದೆ, ಅದನ್ನು ಸರಿದೂಗಿಸಲು ಎಂಟರಲ್ಲಿ ಐದು ವಾಕ್ಯಗಳನ್ನಾದರೂ ತಪ್ಪು ವಾಕ್ಯಗಳಾಗಿ ಇಡುತ್ತೇನೆ, ಆದರೆ ಆ ಪ್ರಮಾಣವನ್ನು ಮಕ್ಕಳಿಗೆ ಹೇಳುವುದಿಲ್ಲ ಮತ್ತು ಪ್ರತಿ ಸಲವೂ ಅದನ್ನೇ ಇಡುವುದಿಲ್ಲ. ಚೀಲ ಮುಗಿದ ಗುಂಪು ಆಟದಿಂದ ಹೊರಗೆ ಹೋಗಬಾರದು, ಅದಕ್ಕೆ ಸೊಸೈಟಿಯಿಂದ ಒಂದು ಚೀಲ ಸಾಲ ಸಿಗುತ್ತದೆ, ಸಾಲದ ಮೇಲೆ 1 ಮಾತ್ರ ಕಟ್ಟಬಹುದು.

ಒಂದು ವಾಕ್ಯ ಸಾಗುವ ಬಗೆ ಹೀಗಿದೆ. ನಾನು ಹಲಗೆಯ ಮೇಲೆ ವಾಕ್ಯ ಬರೆದು ಎರಡು ಸಲ ಒಂದೇ ಧ್ವನಿಯಲ್ಲಿ ಓದುತ್ತೇನೆ. ಓದುವುದು ಏಕೆಂದರೆ ನಿಧಾನ ಓದುಗರಿಗೂ ವಾಕ್ಯ ತಲುಪಬೇಕು. ಒಂದೇ ಧ್ವನಿ ಏಕೆಂದರೆ ತಪ್ಪಾದ ಪದದ ಮೇಲೆ ಧ್ವನಿ ಕಿಂಚಿತ್ತು ತಡೆದರೂ ಹನ್ನೆರಡು ಗುಂಪುಗಳಿಗೂ ಗುಟ್ಟು ರಟ್ಟಾಗುತ್ತದೆ. ಮೊದಲ ಅರ್ಧ ನಿಮಿಷ ಯಾರೂ ಮಾತನಾಡುವಂತಿಲ್ಲ, ಪ್ರತಿಯೊಬ್ಬರೂ ತಮ್ಮ ನೋಟ್‌ಬುಕ್ಕಿನ ಅಂಚಿನಲ್ಲಿ ‘ಸ’ ಅಥವಾ ‘ತ’ ಎಂದು ಬರೆದುಕೊಳ್ಳಬೇಕು. ಆಮೇಲೆ ಒಂದು ನಿಮಿಷ ಗುಂಪಿನ ಚರ್ಚೆ. ನಂತರ ಚೀಟಿ ಮೇಜಿಗೆ ಬರುತ್ತದೆ, ಬಂದ ಮೇಲೆ ಬದಲಾವಣೆ ಇಲ್ಲ. ಒಬ್ಬ ಹುಡುಗ ಅಥವಾ ಹುಡುಗಿ ಹನ್ನೆರಡು ಅಂಕಿಗಳನ್ನು ಹಲಗೆಯ ಬಲಕ್ಕೆ ಬರೆಯುತ್ತಿರುವಾಗ ನಾನು ಡಬ್ಬಿಯಿಂದ ಒಂದು ಸಂಖ್ಯೆ ಎತ್ತುತ್ತೇನೆ. ಹೆಚ್ಚು ಪಣ ಕಟ್ಟಿದ ಗುಂಪುಗಳಲ್ಲೊಂದರಿಂದ ಆ ಸಂಖ್ಯೆಯವರು ಎದ್ದು ಕಾರಣ ಹೇಳಬೇಕು. ಹೇಳಿದರೆ ಗುಂಪಿಗೆ ಒಂದು ಚೀಲ ಹೆಚ್ಚು. ಎದ್ದು ನಿಲ್ಲುವವರು ಯಾರೆಂದು ಮೊದಲೇ ಗೊತ್ತಿಲ್ಲದಿರುವುದರಿಂದ ಗುಂಪಿನ ಜಾಣೆ ತನಗೆ ತಿಳಿದದ್ದನ್ನು ಉಳಿದ ನಾಲ್ವರಿಗೂ ಹೇಳಿಕೊಡಲೇಬೇಕಾಗುತ್ತದೆ. ನಾನು ಹೇಳಿದರೆ ಅರ್ಥವಾಗದ್ದು ಆಕೆ ‘ಇಲ್ನೋಡಲೇ, ಕೆರಿ ಅಲ್ಲ, ಕೆರೆ, ಅದಕ್ಕ ಯ ಬರ್ತೈತಿ’ ಎಂದಾಗ ಅರ್ಥವಾಗುವುದನ್ನು ಕಂಡಿದ್ದೇನೆ.

ಒಂದು ವಾಕ್ಯಕ್ಕೆ ಸುಮಾರು ಮೂರು ನಿಮಿಷ ಬೇಕು, ಎಂಟು ವಾಕ್ಯಗಳೆಂದರೆ ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಹೆಚ್ಚೂಕಡಿಮೆ ಎಲ್ಲವೂ ಮುಗಿಯುತ್ತದೆ. ಮೊದಲ ಸಲ ಆಡಿಸುವವರು ಐದೇ ವಾಕ್ಯ ಇಟ್ಟುಕೊಳ್ಳುವುದು ಮೇಲು.

ನಾನು ಬಳಸುವ ಎಂಟು ವಾಕ್ಯಗಳನ್ನು ಅವುಗಳ ಕ್ರಮದಲ್ಲೇ ಕೊಡುತ್ತೇನೆ, ಏಕೆಂದರೆ ಕ್ರಮವೂ ಲೆಕ್ಕದಲ್ಲಿದೆ. ಮೊದಲನೆಯದು ‘ತಂಗಿ ಹೊಸ ಪುಸ್ತಕನ್ನು ತಂದಳು’. ಎರಡನೆಯದು ‘ಮೇಸ್ತ್ರಿ ಮನೆಯನ್ನು ಕಟ್ಟಿದನು’. ಮೂರನೆಯದು ‘ರೈತನು ಎತ್ತುವನ್ನು ಮಾರಿದನು’. ನಾಲ್ಕನೆಯದು ‘ಅಜ್ಜಿ ಕರುವನ್ನು ಕಟ್ಟಿದಳು’. ಐದನೆಯದು ‘ಅಣ್ಣನು ಮನೆಯೊಳಗಿದ್ದ ತಮ್ಮನ್ನು ಕರೆದನು’. ಆರನೆಯದು ‘ಊರಿನವರು ಕೆರೆನ್ನು ತುಂಬಿಸಿದರು’. ಏಳನೆಯದು ‘ಮಕ್ಕಳು ಗಿಡಗಳನ್ನು ನೆಟ್ಟರು’. ಎಂಟನೆಯದು ‘ಎಲ್ಲರೂ ತಮ್ಮ ಗುರನ್ನು ನೆನೆದರು’. ಇವುಗಳಲ್ಲಿ ಎರಡು, ನಾಲ್ಕು ಮತ್ತು ಏಳು ಸರಿ, ಉಳಿದ ಐದು ತಪ್ಪು.

ಒಂದು ಗುಂಪಿನ ಚೀಟಿಗಳನ್ನು ಹಿಡಿದು ನೋಡೋಣ. ಮೊದಲ ವಾಕ್ಯಕ್ಕೆ ಅವರು ‘ತಪ್ಪು, ಪುಸ್ತಕವನ್ನು’ ಎಂದು ಬರೆದು 2 ಕಟ್ಟಿದರು. 20 ಇದ್ದದ್ದು 22 ಆಯಿತು. ‘ಮನೆಯನ್ನು’ ಸರಿ ಎಂದು 5 ಕಟ್ಟಿ 27ಕ್ಕೆ ಏರಿದರು. ‘ಎತ್ತುವನ್ನು’ ಎಂಬುದೂ ಸರಿ ಎಂದು ಅಷ್ಟೇ ಧೈರ್ಯದಿಂದ 5 ಕಟ್ಟಿ 22ಕ್ಕೆ ಇಳಿದರು. ಇದರಿಂದ ಕಂಗೆಟ್ಟು ‘ಕರುವನ್ನು’ ತಪ್ಪು ಎಂದು ಬರೆದು 1 ಮಾತ್ರ ಕಟ್ಟಿದರು, ಅದೂ ಹೋಗಿ 21 ಉಳಿಯಿತು. ಐದನೆಯದಕ್ಕೆ ‘ತಪ್ಪು’ ಎಂದು 2 ಕಟ್ಟಿದರಾದರೂ ತಿದ್ದುಪಡಿ ಬರೆಯಲಾಗಲಿಲ್ಲ, ಹಾಗಾಗಿ ಒಂದೇ ಚೀಲ ಬಂದು 22. ‘ಕೆರೆಯನ್ನು’ ಎಂದು ತಿದ್ದಿ 5 ಕಟ್ಟಿ 27. ‘ಗಿಡಗಳನ್ನು’ ಸರಿ ಎಂದು 5 ಕಟ್ಟಿ 32. ಕೊನೆಯ ವಾಕ್ಯಕ್ಕೆ ‘ಗುರುವನ್ನು’ ಎಂದು ಸರಿಯಾಗಿಯೇ ತಿದ್ದಿದರು, ಆದರೆ ಕಟ್ಟಿದ್ದು 1. ಅಲ್ಲಿಗೆ 33 ಚೀಲ.

ಬರಿಯ ಉತ್ತರಗಳನ್ನು ನೋಡಿದರೆ ಈ ಗುಂಪು ಎಂಟರಲ್ಲಿ ಆರು ಸರಿ ಹೇಳಿದೆ, ಪರವಾಗಿಲ್ಲ ಎಂದು ಮುಂದೆ ಹೋಗಬಹುದಾಗಿತ್ತು. ಪಣವನ್ನು ನೋಡಿದರೆ ಚಿತ್ರವೇ ಬೇರೆ. ‘ಯ’ ಬರುವ ಕಡೆ ಅವರಿಗೆ ಅನುಮಾನವಿಲ್ಲ. ಬಹುವಚನದಲ್ಲಿ ಅನುಮಾನವಿಲ್ಲ. ‘ಉ’ಕಾರದಲ್ಲಿ ಮುಗಿಯುವ ಪದಗಳ ಹತ್ತಿರ ಬಂದಾಗ ಮಾತ್ರ ನೆಲ ಅಲುಗಾಡುತ್ತದೆ: ಅಲ್ಲಿ ಒಮ್ಮೆ ಖಚಿತವಾಗಿ ತಪ್ಪಿದ್ದಾರೆ, ಒಮ್ಮೆ ಅಳುಕಿ ತಪ್ಪಿದ್ದಾರೆ, ಒಮ್ಮೆ ಅಳುಕುತ್ತಲೇ ಸರಿ ಹೇಳಿದ್ದಾರೆ. ಮರುದಿನದ ಪಾಠ ಯಾವುದಿರಬೇಕೆಂದು ಇನ್ನು ಯೋಚಿಸಬೇಕಾಗಿಲ್ಲ.

‘ಎತ್ತುವನ್ನು’ ಸರಿ ಎಂದು ದೊಡ್ಡ ಪಣ ಕಟ್ಟಿದ್ದು ಇದೊಂದೇ ಗುಂಪಲ್ಲ, ಮತ್ತು ಹಾಗೆ ಕಟ್ಟಿದವರಲ್ಲಿ ತರಗತಿಯ ಜಾಣರು ಇರುತ್ತಾರೆ ಎಂಬುದು ಗಮನಿಸಬೇಕಾದ ಸಂಗತಿ. ಅದಕ್ಕೆ ಕಾರಣವಿದೆ. ಆಗಮ ಸಂಧಿಯನ್ನು ಕಲಿಸುವಾಗ ನಾವೆಲ್ಲರೂ ಕೊಡುವ ಉದಾಹರಣೆಗಳು ‘ಮನೆ + ಅನ್ನು = ಮನೆಯನ್ನು’, ‘ಗುರು + ಅನ್ನು = ಗುರುವನ್ನು’. ಶ್ರದ್ಧೆಯಿಂದ ಕಲಿತ ಮಗು ಇದರಿಂದ ‘ಉಕಾರದ ಮುಂದೆ ವಕಾರ’ ಎಂಬ ನಿಯಮವನ್ನು ತಾನೇ ಕಟ್ಟಿಕೊಳ್ಳುತ್ತದೆ. ಲೋಪ ಸಂಧಿಯ ದಿನ ‘ಊರು + ಅನ್ನು = ಊರನ್ನು’ ಎಂದು ಹೇಳಿರುತ್ತೇವೆ, ಆದರೆ ಅದು ಬೇರೆ ದಿನ, ಬೇರೆ ಶೀರ್ಷಿಕೆ. ಎರಡೂ ‘ಉ’ದಲ್ಲೇ ಮುಗಿಯುತ್ತವಲ್ಲ, ಒಂದರಲ್ಲಿ ‘ಉ’ ಉಳಿದು ‘ವ’ ಬಂದದ್ದೇಕೆ, ಇನ್ನೊಂದರಲ್ಲಿ ‘ಉ’ ಹೋದದ್ದೇಕೆ ಎಂದು ನಾವು ಹೇಳುವುದಿಲ್ಲ, ಮಕ್ಕಳೂ ಕೇಳುವುದಿಲ್ಲ. ಐದು ಚೀಲ ಕಳೆದುಕೊಂಡ ಮಗು ಕೇಳುತ್ತದೆ. ‘ಸರ್, ಗುರುಗೆ ವ ಬರತೈತಿ, ಎತ್ತಿಗ್ಯಾಕ ಬರಂಗಿಲ್ರಿ?’ ಎಂಬ ಪ್ರಶ್ನೆ ಬಂದ ದಿನ ನಾನು ಉಳಿದ ವಾಕ್ಯಗಳನ್ನು ಬದಿಗಿಟ್ಟು ನಡುವಿನ ಖಾಲಿ ಕಂಬಸಾಲುಗಳ ಕಡೆ ಹೋಗುತ್ತೇನೆ.

ಅಲ್ಲಿ ಮಕ್ಕಳಿಂದಲೇ ಪದಗಳನ್ನು ಹೇಳಿಸುತ್ತೇನೆ. ಒಂದು ಸಾಲಿನಲ್ಲಿ ಗುರು, ಕರು, ಹಸು, ಮಗು, ಹುಳು, ನಗು. ಇನ್ನೊಂದರಲ್ಲಿ ಊರು, ಕಾಲು, ಎತ್ತು, ಕಣ್ಣು, ಹಣ್ಣು, ಹೆಸರು, ಬೆರಳು. ಉಳಿದೆರಡು ಸಾಲುಗಳು ಮನೆ, ಮರದಂಥ ಪದಗಳಿಗೆ. ಮೊದಲ ಸಾಲಿನವಕ್ಕೆ ಗುರುವನ್ನು, ಹಸುವನ್ನು, ಮಗುವನ್ನು. ಎರಡನೆಯವಕ್ಕೆ ಊರನ್ನು, ಕಾಲನ್ನು, ಹೆಸರನ್ನು. ವ್ಯತ್ಯಾಸವೇನೆಂದು ಕೇಳಿ ಸುಮ್ಮನೆ ನಿಂತರೆ ಬಹಳ ಹೊತ್ತು ಯಾರಿಗೂ ಹೊಳೆಯುವುದಿಲ್ಲ. ಆಗ ಛಂದಸ್ಸಿನ ಪಾಠದಲ್ಲಿ ಮಾಡಿದಂತೆ ಲಘು ಗುರು ಗುರುತು ಹಾಕಲು ಹೇಳುತ್ತೇನೆ. ಮೊದಲ ಸಾಲಿನಲ್ಲಿ ಪ್ರತಿ ಪದವೂ ಎರಡು ಲಘು, ಅಷ್ಟೆ. ಎರಡನೆಯ ಸಾಲಿನಲ್ಲಿ ಊರು, ಕಾಲುಗಳ ಮೊದಲಕ್ಷರ ದೀರ್ಘವಾದ್ದರಿಂದ ಗುರು. ಎತ್ತು, ಕಣ್ಣುಗಳ ಮೊದಲಕ್ಷರ ಒತ್ತಕ್ಷರದ ಹಿಂದಿರುವುದರಿಂದ ಗುರು. ಹೆಸರು, ಬೆರಳುಗಳಲ್ಲಿ ಮೂರು ಅಕ್ಷರ. ಎರಡೇ ಲಘುಗಳ ಪದವಾದರೆ ‘ಉ’ ಉಳಿದು ‘ವ’ ಬರುತ್ತದೆ, ಇಲ್ಲವಾದರೆ ‘ಉ’ ಬೀಳುತ್ತದೆ ಎಂದು ಹಲಗೆಯ ಮೇಲೆ ತಾನಾಗಿ ಮೂಡುತ್ತದೆ. ಗುರುತು ಹಾಕಲು ಹಲಗೆಗೆ ಬರುವವರಲ್ಲಿ ವಾಕ್ಯ ಓದಲು ತಡವರಿಸುವ ಮಕ್ಕಳೂ ಇರುತ್ತಾರೆ, ಏಕೆಂದರೆ ಎರಡಕ್ಷರದ ಪದಕ್ಕೆ ಗುರುತು ಹಾಕುವುದು ಅವರ ಕೈಗೆ ಎಟುಕುವ ಕೆಲಸ.

ಇದರ ಹಿಂದಿನ ಕಾರಣವನ್ನು ಎಂಟನೆಯ ತರಗತಿಗೆ ಎಷ್ಟು ಹೇಳಬೇಕೆಂಬುದು ಶಿಕ್ಷಕರ ವಿವೇಚನೆಗೆ ಬಿಟ್ಟದ್ದು. ನಾನು ಎರಡು ಮಾತಿನಲ್ಲಿ ಹೇಳುತ್ತೇನೆ. ಹಳಗನ್ನಡದಲ್ಲಿ ಈ ಪದಗಳಲ್ಲಿ ಹಲವು ಊರ್, ಕಾಲ್, ಕಣ್ ಎಂದು ವ್ಯಂಜನದಲ್ಲೇ ಮುಗಿಯುತ್ತಿದ್ದವು. ಮುಂದೆ ಉಚ್ಚಾರಣೆಯ ಅನುಕೂಲಕ್ಕೆ ಅವುಗಳ ಕೊನೆಗೆ ‘ಉ’ ಸೇರಿತು. ಬೇರೊಂದು ಸ್ವರ ಬಂದಾಗ ಆ ಊರುಗೋಲು ಬೇಕಿಲ್ಲ, ಬೀಳುತ್ತದೆ. ಗುರು, ಮಗು ಮುಂತಾದವುಗಳ ‘ಉ’ ಪದದ ಸ್ವಂತದ್ದು, ಅದು ಬೀಳುವುದಿಲ್ಲ, ಎರಡು ಸ್ವರಗಳ ನಡುವೆ ‘ವ’ ಬಂದು ನಿಲ್ಲುತ್ತದೆ. ಇಷ್ಟು ತಿಳಿದರೆ ಲಘುವಿನ ನಿಯಮ ತಪ್ಪುವ ಕಡೆಗಳೂ ಅರ್ಥವಾಗುತ್ತವೆ. ‘ಸರ್, ಚಾಕುವನ್ನು ಅಂತ ಬರೀತಾರಲ್ರಿ, ಚಾ ದೀರ್ಘ ಐತಿ’ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಎತ್ತಿದ ಆಕ್ಷೇಪ ನ್ಯಾಯವಾದದ್ದೇ. ಚಾಕು ಹೊರಗಿನಿಂದ ಬಂದ ಪದ, ಬರುವಾಗಲೇ ತನ್ನ ‘ಉ’ವನ್ನು ಜೊತೆಗೆ ತಂದಿದೆ. ಸಂಸ್ಕೃತದ ವಸ್ತು, ಶತ್ರು, ಸಾಧುಗಳೂ ಹಾಗೆಯೇ: ವಸ್ತುವನ್ನು, ಶತ್ರುವನ್ನು. ಬಸ್ಸು ಕೂಡ ಹೊರಗಿನದೇ, ಆದರೆ ಅದರ ‘ಉ’ವನ್ನು ನಾವು ಸೇರಿಸಿದ್ದು, ಆದ್ದರಿಂದ ಬಸ್ಸನ್ನು. ಎದುರು ದಿಕ್ಕಿನಲ್ಲಿ ಅದು, ಇದು ಎಂಬ ಸರ್ವನಾಮಗಳು ಎರಡು ಲಘುಗಳಾದರೂ ಅದನ್ನು, ಇದನ್ನು ಎಂದೇ ಆಗುತ್ತವೆ. ಈ ಅಪವಾದಗಳನ್ನು ನಾನು ಮೊದಲ ದಿನ ಹೇಳುವುದಿಲ್ಲ, ಮಕ್ಕಳು ಹುಡುಕಿ ತಂದಾಗ ಸಾಲಿನ ಕೆಳಗೆ ಬರೆಯುತ್ತೇನೆ, ತಂದ ಗುಂಪಿಗೆ ಎರಡು ಚೀಲ.

ಹಸು, ಕರು ಎಂಬ ಪದಗಳಲ್ಲಿ ನಮ್ಮ ಭಾಗಕ್ಕೇ ಸೇರಿದ ಇನ್ನೊಂದು ತೊಡಕಿದೆ. ನಮ್ಮ ಮಕ್ಕಳು ಆಡುವುದು ಆಕಳು, ಆಕಳ ಕರ. ‘ಆಕಳನ್ನು’ ಎಂದು ಅವರು ಸರಿಯಾಗಿ ಬರೆಯುತ್ತಾರೆ, ‘ಕರುವನ್ನು’ ಎಂಬುದು ಮಾತ್ರ ಅವರಿಗೆ ಪುಸ್ತಕದ ರೂಪ. ನಾಲ್ಕನೆಯ ವಾಕ್ಯ ತಪ್ಪೆಂದು ಬರೆದ ಗುಂಪುಗಳು ವ್ಯಾಕರಣದಲ್ಲಿ ತಪ್ಪಿವೆಯೋ ಪದವೇ ಅಪರಿಚಿತವಾಗಿ ತಪ್ಪಿವೆಯೋ ಎಂದು ಚೀಟಿಯಿಂದ ಹೇಳಲಾಗುವುದಿಲ್ಲ. ಅದಕ್ಕಾಗಿ ಎಂಟನೆಯ ವಾಕ್ಯದಲ್ಲಿ ‘ಗುರು’ವನ್ನು ಇಟ್ಟಿದ್ದೇನೆ. ಎರಡರಲ್ಲೂ ತಪ್ಪಿದವರಿಗೆ ನಿಯಮ ತಿಳಿದಿಲ್ಲ, ‘ಕರು’ವಿನಲ್ಲಿ ಮಾತ್ರ ತಪ್ಪಿದವರಿಗೆ ಬಹುಶಃ ಪದದ ಬಳಕೆ ಇಲ್ಲ.

ಐದನೆಯ ವಾಕ್ಯ ಬೇರೆ ಜಾತಿಯದು. ಆಡುಮಾತಿನಲ್ಲಿ ‘ತಮ್ಮನ್ನ ಕರಿ’, ‘ಅಕ್ಕನ್ನ ಕರಿ’ ಎನ್ನುತ್ತೇವೆ, ಒಂದು ‘ನ’ ಮಾಯವಾಗಿರುತ್ತದೆ. ಅದನ್ನು ಬರಹಕ್ಕೆ ತರುವಾಗ ಮಗು ಕೊನೆಯ ಸ್ವರವನ್ನು ಮಾತ್ರ ತಿದ್ದಿ ‘ತಮ್ಮನ್ನು’ ಎಂದು ಬರೆಯುತ್ತದೆ. ಚತುರ್ಥಿಯಲ್ಲಿ ಕೈಹಿಡಿದ ಉಪಾಯ ಇಲ್ಲಿ ಕೈಕೊಡುತ್ತದೆ. ಇದರಲ್ಲಿ ಇನ್ನೊಂದು ಸಿಕ್ಕು ಇದೆ. ‘ತಮ್ಮನ್ನು’ ಎಂಬ ರೂಪ ಕನ್ನಡದಲ್ಲಿ ಇದೆ, ‘ಅವರು ತಮ್ಮನ್ನು ತಾವೇ ಹೊಗಳಿಕೊಂಡರು’ ಎಂಬಲ್ಲಿ ಅದು ಸರಿ. ಹಾಗಾಗಿ ‘ತಮ್ಮನ್ನು ಎಂಬುದು ತಪ್ಪು ಪದ’ ಎಂದು ಹೇಳಿಕೊಟ್ಟರೆ ಇನ್ನೊಂದು ಕಡೆ ಕೆಡುತ್ತದೆ. ಈ ವಾಕ್ಯದಲ್ಲಿ ತಮ್ಮ ಎಂದರೆ ಅಣ್ಣನ ತಮ್ಮ, ವ್ಯಕ್ತಿ, ಆದ್ದರಿಂದ ‘ತಮ್ಮನನ್ನು’ ಎಂದು ಎರಡು ‘ನ’ ಬೇಕು ಎಂದು ಹೇಳಬೇಕು. ಈ ವಾಕ್ಯದಲ್ಲಿ ನಾನು ಕಂಡದ್ದೆಂದರೆ, ಗಂಗಾವತಿ, ಸಿಂಧನೂರು ಕಡೆಯ, ತೆಲುಗು ರೈತರು ನೆಲೆಸಿದ ಕ್ಯಾಂಪುಗಳಿಂದ ಬರುವ, ಮನೆಯಲ್ಲಿ ತೆಲುಗು ಆಡುವ ಮಕ್ಕಳು ಕನ್ನಡ ಆಡುವ ಮಕ್ಕಳಿಗಿಂತ ಕಡಿಮೆ ಎಡವುತ್ತಾರೆ. ಅವರಿಗೆ ಕನ್ನಡ ಬಂದದ್ದು ಹೆಚ್ಚಾಗಿ ಪುಸ್ತಕದಿಂದ, ‘ತಮ್ಮನ್ನ’ ಎಂಬುದು ಅವರ ಕಿವಿಯಲ್ಲಿ ಅಷ್ಟಾಗಿ ಕುಳಿತಿಲ್ಲ. ಉಳಿದ ದಿನಗಳಲ್ಲಿ ಹಿಂದೆ ಸರಿದು ಕೂರುವ ಅಂಥ ಮಗು ಈ ಒಂದು ವಾಕ್ಯದಲ್ಲಿ ಗುಂಪಿಗೆ ಐದು ಚೀಲ ತಂದುಕೊಡುವುದುಂಟು.

ಇಲ್ಲಿಯೇ ಒಂದು ಎಚ್ಚರಿಕೆ. ‘ಅವ್ವ ಮನ್ಯಾಗ ಅದಾಳ’ ಎಂಬಂಥ ವಾಕ್ಯವನ್ನು ತಪ್ಪು ವಾಕ್ಯವೆಂದು ಪಣಕ್ಕೆ ಇಡಕೂಡದು. ಅದರಲ್ಲಿ ತಪ್ಪೇನೂ ಇಲ್ಲ, ಅದು ಇನ್ನೊಂದು ಬಗೆಯ ಕನ್ನಡ, ಅದಕ್ಕೂ ಅಷ್ಟೇ ಬಿಗಿಯಾದ ವ್ಯಾಕರಣವಿದೆ. ಪಣಕ್ಕೆ ಇಡಬೇಕಾದದ್ದು ಆಡುವಲ್ಲಿಯೂ ಇಲ್ಲದ, ಬರೆಯುವಲ್ಲಿಯೂ ಇಲ್ಲದ ‘ಕೆರೆನ್ನು’ವಿನಂಥ ರೂಪಗಳನ್ನು. ‘ತಮ್ಮನ್ನು’ ಗಡಿಯ ಮೇಲಿದೆ, ಅದನ್ನು ಬಿಡಿಸುವಾಗ ಮಾತಿನ ರೂಪವನ್ನೂ ಪಕ್ಕದಲ್ಲಿ ಬರೆದು ಎರಡಕ್ಕೂ ಅವುಗಳ ಜಾಗ ತೋರಿಸುತ್ತೇನೆ. ಹಾಗೆಯೇ ‘ಹುಡುಗನು ಹಣ್ಣು ತಿಂದನು’ ಎಂಬ ವಾಕ್ಯವನ್ನೂ ಇಡುವುದಿಲ್ಲ. ವಸ್ತುವಾಚಕ ಕರ್ಮಪದಕ್ಕೆ ‘ಅನ್ನು’ ಇಲ್ಲದಿದ್ದರೂ ಬರಹದಲ್ಲಿ ನಡೆಯುತ್ತದೆ, ಅದನ್ನು ತಪ್ಪೆಂದರೆ ನಾನೇ ತಪ್ಪು ಕಲಿಸಿದಂತಾಗುತ್ತದೆ. ಯಲಬುರ್ಗಾ, ತುಂಗಭದ್ರಾ ಎಂಬಂತೆ ದೀರ್ಘ ‘ಆ’ದಲ್ಲಿ ಮುಗಿಯುವ ಹೆಸರುಗಳಿಗೆ ಬರೆಯುವವರಲ್ಲೇ ಒಮ್ಮತವಿಲ್ಲ. ಅವು ಪಣಕ್ಕಲ್ಲ, ವಾದಕ್ಕೆ ಒಳ್ಳೆಯವು.

ತಪ್ಪು ರೂಪಗಳನ್ನು ಹಲಗೆಯ ಮೇಲೆ ಬರೆಯುವುದರಲ್ಲಿಯೇ ಒಂದು ಅಪಾಯವಿದೆ, ಅದನ್ನು ನಮ್ಮ ಶಾಲೆಯ ಹಿರಿಯ ಶಿಕ್ಷಕಿಯೊಬ್ಬರು ನನಗೆ ಹೇಳಿದರು. ಓದಿನಲ್ಲಿ ಹಿಂದಿರುವ ಮಗು ವಾದವನ್ನು ಮರೆತು, ಹಲಗೆಯ ಮೇಲೆ ಸ್ಪಷ್ಟವಾಗಿ ಕಂಡ ‘ಪುಸ್ತಕನ್ನು’ ಎಂಬುದನ್ನೇ ನೆನಪಿಟ್ಟುಕೊಳ್ಳಬಹುದು. ಅವರ ಮಾತು ಸರಿ. ಆದ್ದರಿಂದ ತೀರ್ಮಾನ ಹೊರಬಿದ್ದ ಕೂಡಲೇ ತಪ್ಪಾದ ಭಾಗವನ್ನು ಅಳಿಸಿ ಬಣ್ಣದ ಸೀಮೆಸುಣ್ಣದಲ್ಲಿ ಸರಿಯಾದುದನ್ನು ಬರೆಯುತ್ತೇನೆ, ಅಡ್ಡಗೀಟು ಹಾಕಿ ಹಾಗೇ ಬಿಡುವುದಿಲ್ಲ. ಮಕ್ಕಳು ತಮ್ಮ ನೋಟ್‌ಬುಕ್ಕಿಗೆ ವಾಕ್ಯವನ್ನು ಬರೆದುಕೊಳ್ಳುವುದು ತಿದ್ದಿದ ಮೇಲೆಯೇ. ಇದರಿಂದ ಹಿಂದಿನ ಬೆಂಚುಗಳಲ್ಲಿ ನಕಲಿಸುವ ಆತುರವೂ ತಗ್ಗುತ್ತದೆ.

ಗುಂಪಿನ ಚೀಟಿ ಗುಂಪಿನದು, ಒಬ್ಬೊಬ್ಬರದಲ್ಲ ಎಂಬುದು ಈ ಆಟದ ಮುಖ್ಯ ಮಿತಿ. ಐವರಲ್ಲಿ ಒಬ್ಬಳೇ ಬರೆದು ನಾಲ್ವರು ತಲೆಯಾಡಿಸಿದರೂ 33 ಚೀಲ ಬರುತ್ತವೆ. ನೋಟ್‌ಬುಕ್ಕಿನ ಅಂಚಿನ ‘ಸ’, ‘ತ’ಗಳು ಇಲ್ಲಿ ಸಹಾಯಕ್ಕೆ ಬರುತ್ತವೆ. ತಿರುಗಾಡುವಾಗ ಅವುಗಳ ಮೇಲೆ ಕಣ್ಣಾಡಿಸಿದರೆ ಯಾರು ಚರ್ಚೆಗೆ ಮೊದಲೇ ತೀರ್ಮಾನಿಸಿದ್ದರು, ಯಾರು ಚರ್ಚೆಯ ನಂತರ ತಿದ್ದಿ ಬರೆದುಕೊಂಡರು ಎಂಬುದು ಕಾಣುತ್ತದೆ. ಕೊನೆಯ ಐದು ನಿಮಿಷ ಪ್ರತಿಯೊಬ್ಬರೂ ಮೂರು ಹೊಸ ಪದಗಳಿಗೆ ‘ಅನ್ನು’ ಸೇರಿಸಿ ಹೆಸರು ಬರೆದು ಚೀಟಿ ಕೊಡಬೇಕು. ಹುಳು, ಕಲ್ಲು, ಗೆಳೆಯ ಎಂಬವು ನನ್ನ ಸಾಮಾನ್ಯ ಆಯ್ಕೆ, ಏಕೆಂದರೆ ಆಟದಲ್ಲಿ ಇವು ಬಂದಿರುವುದಿಲ್ಲ ಅಥವಾ ಸಾಲಿನಲ್ಲಿ ಹೆಸರಿಗೆ ಮಾತ್ರ ಬಂದಿರುತ್ತವೆ. ಅರವತ್ತು ಚೀಟಿಗಳನ್ನು ಓದಲು ಊಟದ ಬಿಡುವಿನಲ್ಲಿ ಹೆಚ್ಚು ಹೊತ್ತು ಬೇಡ. ಮೂರೂ ಸರಿ, ‘ಹುಳನ್ನು’ ಅಥವಾ ‘ಕಲ್ಲುವನ್ನು’ ಎಂದವರು, ‘ಗೆಳೆಯನ್ನು’ ಎಂದವರು, ಏನೂ ಬರೆಯಲಾಗದವರು ಎಂದು ನಾಲ್ಕು ಕಟ್ಟು ಮಾಡುತ್ತೇನೆ.

ಗುಂಪುಗಳ ಚೀಟಿಗಳನ್ನೂ ಎಸೆಯುವುದಿಲ್ಲ. ತಪ್ಪಿ 5 ಕಟ್ಟಿದವನ್ನು ಬೇರೆ ಎತ್ತಿ, ಯಾವ ವಾಕ್ಯದಲ್ಲಿ ಅವು ಹೆಚ್ಚು ಎಂದು ನನ್ನ ದಿನಚರಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಮರುದಿನ ಆ ಒಂದು ನಿಯಮಕ್ಕೆ ಇಡೀ ತರಗತಿಗೆ ಹತ್ತು ನಿಮಿಷ ಕೊಡುತ್ತೇನೆ. ತಪ್ಪಿ 1 ಕಟ್ಟಿದ ವಾಕ್ಯಗಳಿಗೆ ವಾದ ಬೇಕಿಲ್ಲ, ಬಳಕೆ ಬೇಕು, ಅಂಥ ಪದಗಳನ್ನು ವಾರದ ಉಕ್ತಲೇಖನಕ್ಕೆ ಸೇರಿಸುತ್ತೇನೆ. ಹದಿನೈದು ದಿನಗಳ ನಂತರ ಅದೇ ನಾಲ್ಕು ಕಂಬಸಾಲುಗಳನ್ನು ಹಲಗೆಯ ಮೇಲೆ ಎಳೆದು, ಈ ಸಲ ‘ಅನ್ನು’ವಿನ ಬದಲು ‘ಇಂದ’ವನ್ನು ಪಣಕ್ಕೆ ಇಡುತ್ತೇನೆ. ಮನೆಯಿಂದ, ಕರುವಿನಿಂದ, ಊರಿನಿಂದ, ಮರದಿಂದ ಎಂದು ಬರೆಯುತ್ತಿದ್ದಂತೆ ಮೊದಲ ಆಟದ ಸಾಲುಗಳು ಕೆಲವು ಕಡೆ ಹಾಗೆಯೇ ನಿಲ್ಲುತ್ತವೆ, ಕೆಲವು ಕಡೆ ಒಡೆಯುತ್ತವೆ. ‘ಮರವನ್ನು’ ಎಂದಾಗ ಬಂದ ‘ವ’ದ ಜಾಗದಲ್ಲಿ ‘ಮರದಿಂದ’ ಎಂದಾಗ ‘ದ’ ಏಕೆ ಬಂತು ಎಂಬುದರ ಮೇಲೆ ಆ ದಿನ ದೊಡ್ಡ ಪಣಗಳು ಬೀಳುತ್ತವೆ.